ಕಾಣೆಯಾದ ಇಪ್ಪತ್ತು ನಿಮಿಷ



ನಮ್ಮ ಮನೆ ಇರುವುದು ಸಾಗರದ ಹತ್ತಿರ ಒಂದು ಹಳ್ಳಿಯಲ್ಲಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದವನು ನಾನು. ಊರಿನಲ್ಲಿ ಯಾವುದಾದರೂ ಲೆಕ್ಕ ತಕರಾರಿಗೆ ಬಂದರೆ ಅದು ಕೊನೆಗೆ ನಮ್ಮ ಮನೆಯ ಜಗಲಿಗೇ ಬರುತ್ತದೆ. ಇವತ್ತು ಹೇಳಹೊರಟಿರುವುದು ಹಾಗೆ ಬಂದ ಒಂದು ತಕರಾರಿನ ಕಥೆ.

ಪಕ್ಕದ ಮನೆಯ ತೋಟದ ಯಜಮಾನರು ಒಂದು ವರ್ಷ ತಮ್ಮ ಅಡಿಕೆಯನ್ನು ಶಿವಮೊಗ್ಗದ ಮಂಡಿಗೆ ಕಳಿಸಿದರು. ಮೂಟೆ ಹೇರಿಕೊಂಡು ಹೋಗುವುದು ಊರಿನದೇ ಒಂದು ಹಳೆಯ ಪಿಕಪ್ ಗಾಡಿ. ಸಾಗರದಿಂದ ಆನಂದಪುರ, ಕುಂಸಿ, ಆಯನೂರು ದಾಟಿ ಶಿವಮೊಗ್ಗಕ್ಕೆ ಸುಮಾರು 72 ಕಿಲೋಮೀಟರ್. ಲೆಕ್ಕಕ್ಕೆ ಸರಿಯಾಗಿ 72 ಎಂದೇ ಇಟ್ಟುಕೊಳ್ಳೋಣ. ಹೋಗುವಾಗ ಮೈತುಂಬ ಮೂಟೆ. ಗಾಡಿ ಗಂಟೆಗೆ 36 ಕಿಲೋಮೀಟರಿನಂತೆ ನಿಧಾನವಾಗಿ ಹೋಯಿತು. ಬರುವಾಗ ಖಾಲಿ ಗಾಡಿ. ಗಂಟೆಗೆ 72ರಂತೆ ಸಲೀಸಾಗಿ ಬಂತು. ದಾರಿಯಲ್ಲಿ ವೇಗದ ಮುಳ್ಳು ಮೇಲೆ ಕೆಳಗೆ ಆಡಿರುತ್ತದೆ ನಿಜ, ಆದರೆ ಕಥೆ ಸರಳವಾಗಿರಲಿ ಎಂದು ಎರಡೂ ವೇಗ ಒಂದೇ ಸಮ ಇತ್ತೆಂದು ಭಾವಿಸೋಣ. ಮಂಡಿಯಲ್ಲಿ ಮೂಟೆ ಇಳಿಸಲು ಹಿಡಿದ ಹೊತ್ತನ್ನೂ ಸದ್ಯಕ್ಕೆ ಬದಿಗಿಡೋಣ.

ಸಂಜೆ ಯಜಮಾನರು ಚಾಲಕನನ್ನು ಕರೆದುಕೊಂಡು ನಮ್ಮ ಜಗಲಿ ಹತ್ತಿದರು. ಮುಖ ಗಂಟಿಕ್ಕಿತ್ತು.

"ಮೇಷ್ಟ್ರೇ, ನೀವೇ ಹೇಳಿ. ಹೋಗ್ತಾ 36, ಬರ್ತಾ 72. ಎರಡೂ ಕೂಡಿಸಿದರೆ 108, ಅರ್ಧ ಮಾಡಿದರೆ 54. ಹೋಗಿಬರೋ ದಾರಿ 144 ಕಿಲೋಮೀಟರ್. ಗಂಟೆಗೆ 54ರ ಹಾಗೆ ಅಂದರೆ ಎರಡು ಗಂಟೆ ನಲವತ್ತು ನಿಮಿಷ ಸಾಕು. ಇವನು ಗಾಡಿ ಓಡಿಸಿದ್ದೇ ಮೂರು ಗಂಟೆ ಅಂತಾನೆ. ಇಪ್ಪತ್ತು ನಿಮಿಷ ಎಲ್ಲಿ ಹೋಯ್ತು? ಆಯನೂರಲ್ಲಿ ಚಾ ಕುಡೀತಾ ಕೂತಿದ್ದೆಯೇನೋ ಮಾರಾಯ ಅಂದರೆ, ಇಲ್ಲವೇ ಇಲ್ಲ ಅಂತಾನೆ."

ಚಾಲಕ ತಲೆ ತಗ್ಗಿಸಿ ನಿಂತಿದ್ದ. "ಚಾ ಕುಡಿದಿಲ್ಲ ಮೇಷ್ಟ್ರೇ. ಎಲ್ಲೂ ನಿಲ್ಲಿಸಲಿಲ್ಲ. ಆದರೂ ಯಜಮಾನರ ಲೆಕ್ಕ ತಪ್ಪು ಅನ್ನೋಕೂ ನನಗೆ ಬರೋದಿಲ್ಲ."

ಯಜಮಾನರ ಲೆಕ್ಕದಲ್ಲಿ ಕೂಡುವುದು, ಭಾಗಿಸುವುದು ಎರಡೂ ಸರಿ ಇದ್ದವು. ಚಾಲಕನ ಮಾತೂ ಸರಿ ಇತ್ತು. ಹಾಗಾದರೆ ತಪ್ಪು ಎಲ್ಲಿದೆ? ನಾನು ಅವರಿಬ್ಬರನ್ನೂ ಕೂರಿಸಿ, ವೇಗದ ಮಾತು ಬಿಟ್ಟು ಮೊದಲು ಗಡಿಯಾರದ ಮಾತು ಆಡೋಣ ಎಂದೆ. 72 ಕಿಲೋಮೀಟರನ್ನು ಗಂಟೆಗೆ 36ರಂತೆ ಹೋದರೆ ಎಷ್ಟು ಹೊತ್ತು? ಎರಡು ಗಂಟೆ. ಅದೇ ದಾರಿಯನ್ನು 72ರಂತೆ ಬಂದರೆ? ಒಂದು ಗಂಟೆ. ಒಟ್ಟು ಮೂರು ಗಂಟೆ. 144 ಕಿಲೋಮೀಟರನ್ನು ಮೂರು ಗಂಟೆಗೆ ಹಂಚಿದರೆ ಗಂಟೆಗೆ 48. ಇಡೀ ಪ್ರಯಾಣದ ಸರಾಸರಿ ವೇಗ 48. ಅದು 54 ಅಲ್ಲ. ಚಾಲಕನ ಮುಖ ಅರಳಿತು. ಯಜಮಾನರದು ಇನ್ನಷ್ಟು ಗಂಟಾಯಿತು.

"ಇದೂ ಸರಿ ಕಾಣ್ತದೆ, ಅದೂ ಸರಿ ಕಾಣ್ತದೆ. ಎರಡರಲ್ಲಿ ಒಂದು ಸುಳ್ಳು ಇರಲೇಬೇಕಲ್ಲ?" ಎಂದರು ಅವರು.

ಸುಳ್ಳು ಇರುವುದು ಎಲ್ಲಿ ಎಂದು ತೋರಿಸಲು ನಾನು ಎರಡು ನೋಟ್‌ಬುಕ್ಕುಗಳ ಮಾತು ತೆಗೆದೆ. ಕೇಳುಗರೇ, ನೀವೂ ಆ ಗಾಡಿಯಲ್ಲಿ ಚಾಲಕನ ಪಕ್ಕದಲ್ಲಿ ಕೂತಿದ್ದೀರಿ ಎಂದುಕೊಳ್ಳಿ. ನಿಮ್ಮ ತೊಡೆಯ ಮೇಲೆ ಎರಡು ನೋಟ್‌ಬುಕ್ಕುಗಳಿವೆ. ಮೊದಲನೆಯದರಲ್ಲಿ ಪ್ರತಿ ಕಿಲೋಮೀಟರ್ ಕಲ್ಲು ದಾಟಿದಾಗ ಒಮ್ಮೆ ಮುಳ್ಳು ನೋಡಿ ವೇಗ ಬರೆಯುತ್ತೀರಿ. ಎರಡನೆಯದರಲ್ಲಿ ಕಲ್ಲಿನ ಗೊಡವೆಯೇ ಇಲ್ಲ, ಕೈಗಡಿಯಾರ ನೋಡಿ ಪ್ರತಿ ನಿಮಿಷಕ್ಕೆ ಒಮ್ಮೆ ವೇಗ ಬರೆಯುತ್ತೀರಿ.

ಮನೆಗೆ ಬಂದು ಕಲ್ಲಿನ ನೋಟ್‌ಬುಕ್ ತೆರೆಯಿರಿ. ಹೋಗುವಾಗ 72 ಕಲ್ಲು, ಆದ್ದರಿಂದ 36 ಎಂಬ ಅಂಕಿ 72 ಸಲ ಇದೆ. ಬರುವಾಗಲೂ ಅಷ್ಟೇ ಕಲ್ಲು, ಆದ್ದರಿಂದ 72 ಎಂಬ ಅಂಕಿಯೂ 72 ಸಲ ಇದೆ. ಎರಡಕ್ಕೂ ಸರಿಸಮ ಮತ. ಸರಾಸರಿ ತೆಗೆದರೆ 54. ಯಜಮಾನರು ತಮಗೆ ಗೊತ್ತಿಲ್ಲದೆ ಓದಿದ್ದು ಈ ನೋಟ್‌ಬುಕ್ಕನ್ನು.

ಈಗ ಗಡಿಯಾರದ ನೋಟ್‌ಬುಕ್ ತೆರೆಯಿರಿ. ಹೋಗುವಾಗ ಎರಡು ಗಂಟೆ, ಅಂದರೆ 120 ನಿಮಿಷ. 36 ಎಂಬ ಅಂಕಿ 120 ಸಲ ಇದೆ. ಬರುವಾಗ ಒಂದೇ ಗಂಟೆ. 72 ಎಂಬ ಅಂಕಿ ಬರೀ 60 ಸಲ ಇದೆ. ಎಲ್ಲ 180 ಅಂಕಿಗಳನ್ನೂ ಕೂಡಿಸಿ 180ರಿಂದ ಭಾಗಿಸಿದರೆ ಬರುವುದು ಸರಿಯಾಗಿ 48. ನಿಧಾನದ ವೇಗಕ್ಕೆ ಇಲ್ಲಿ ಎರಡು ಮತ, ಜೋರಿನ ವೇಗಕ್ಕೆ ಒಂದು ಮತ. ಅದಕ್ಕೇ ಉತ್ತರ 36ರ ಕಡೆಗೆ ವಾಲಿದೆ.

ಎರಡು ನೋಟ್‌ಬುಕ್ಕುಗಳಲ್ಲಿ ನಮಗೆ ಬೇಕಾದದ್ದು ಯಾವುದು? ವೇಗ ಎಂದರೆ ಗಂಟೆಗೆ ಎಷ್ಟು ಕಿಲೋಮೀಟರ್ ಎಂಬ ಮಾತು. 'ಗಂಟೆಗೆ' ಎಂದು ಬಾಯಲ್ಲಿ ಹೇಳಿದ ಮೇಲೆ ಹಂಚಿಕೆಯೂ ಗಂಟೆಗಳ ಮೇಲೆಯೇ ನಡೆಯಬೇಕು. ನಿಧಾನವಾಗಿ ಹೋದಷ್ಟೂ ಅದೇ ದಾರಿ ಹೆಚ್ಚು ಗಂಟೆ ತಿನ್ನುತ್ತದೆ. ಹೆಚ್ಚು ಗಂಟೆ ತಿಂದ ವೇಗ ಸರಾಸರಿಯನ್ನು ತನ್ನ ಕಡೆಗೆ ಹೆಚ್ಚು ಎಳೆಯುತ್ತದೆ. ದಾರಿ ಸಮ ಇರುವುದರಿಂದ ಎರಡು ವೇಗಗಳೂ ಸಮಪಾಲುದಾರರು ಎಂದು ಕಣ್ಣಿಗೆ ಕಾಣುತ್ತದೆ. ಆದರೆ ಪಾಲು ನಿರ್ಧಾರವಾಗುವುದು ದಾರಿಯಿಂದ ಅಲ್ಲ, ಹೊತ್ತಿನಿಂದ.

ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಕೂಡಿಸಿ ಅರ್ಧ ಮಾಡೋದು ಯಾವತ್ತೂ ತಪ್ಪೇ?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಯಾವತ್ತೂ ತಪ್ಪಲ್ಲ. ಗಾಡಿ ಒಂದೂವರೆ ಗಂಟೆ 36ರಂತೆ, ಇನ್ನೊಂದೂವರೆ ಗಂಟೆ 72ರಂತೆ ಓಡಿದ್ದರೆ ಕ್ರಮಿಸುವ ದಾರಿ 54 ಮತ್ತು 108, ಒಟ್ಟು 162 ಕಿಲೋಮೀಟರ್. ಮೂರು ಗಂಟೆಗೆ ಹಂಚಿದರೆ 54. ಹೊತ್ತು ಸಮ ಇದ್ದರೆ ಕೂಡಿಸಿ ಅರ್ಧ ಮಾಡಿದ ಸರಾಸರಿಯೇ ಸರಿ. ದಾರಿ ಸಮ ಇದ್ದರೆ ಅದು ಸರಿಯಲ್ಲ. ಹೋಗಿಬರುವ ಪ್ರಯಾಣದಲ್ಲಿ ಸಮ ಇರುವುದು ದಾರಿ.

ಹಾಗಾದರೆ ದಾರಿ ಸಮ ಇದ್ದಾಗ ಸರಾಸರಿ ತೆಗೆಯಲು ಸುಲಭ ಉಪಾಯ ಇಲ್ಲವೇ? ಇದೆ. ವೇಗವನ್ನು ತಲೆಕೆಳಗು ಮಾಡಿ ನೋಡಬೇಕು. 'ಗಂಟೆಗೆ ಎಷ್ಟು ಕಿಲೋಮೀಟರ್' ಎಂದು ಕೇಳುವ ಬದಲು 'ಒಂದು ಕಿಲೋಮೀಟರಿಗೆ ಎಷ್ಟು ಹೊತ್ತು' ಎಂದು ಕೇಳಿ. ಗಂಟೆಗೆ 36 ಕಿಲೋಮೀಟರ್ ಎಂದರೆ ಸೆಕೆಂಡಿಗೆ 10 ಮೀಟರ್. ಆ ವೇಗದಲ್ಲಿ ಒಂದು ಕಿಲೋಮೀಟರಿಗೆ 100 ಸೆಕೆಂಡು. ಗಂಟೆಗೆ 72 ಎಂದರೆ ಅದರ ಅರ್ಧ, 50 ಸೆಕೆಂಡು. ಈಗ ಕಲ್ಲಿನ ನೋಟ್‌ಬುಕ್ಕಿನಲ್ಲಿ ವೇಗದ ಬದಲು ಈ ಸೆಕೆಂಡುಗಳನ್ನು ಬರೆದಿದ್ದರೆ 72 ಸಲ 100, 72 ಸಲ 50. ಕೂಡಿಸಿ ಅರ್ಧ ಮಾಡಿದರೆ ಕಿಲೋಮೀಟರಿಗೆ 75 ಸೆಕೆಂಡು. ಒಂದು ಗಂಟೆಯಲ್ಲಿ 3600 ಸೆಕೆಂಡು, 75ರಿಂದ ಭಾಗಿಸಿ. ಬಂದದ್ದು 48.

ಇಲ್ಲಿ ನಡೆದದ್ದು ಮೂರು ಹೆಜ್ಜೆ. ತಲೆಕೆಳಗು ಮಾಡಿದೆವು, ಸಾಧಾರಣ ಸರಾಸರಿ ತೆಗೆದೆವು, ಮತ್ತೆ ತಲೆಕೆಳಗು ಮಾಡಿದೆವು. ಹೀಗೆ ಬರುವ ಸರಾಸರಿಗೆ ಗಣಿತದ ಪುಸ್ತಕದಲ್ಲಿ ಹರಾತ್ಮಕ ಮಾಧ್ಯ ಎಂದು ಹೆಸರು. ಕೂಡಿಸಿ ಅರ್ಧ ಮಾಡುವುದಕ್ಕೆ ಸಮಾಂತರ ಮಾಧ್ಯ ಎನ್ನುತ್ತಾರೆ. ನಮ್ಮ ಹಳೆಯ ಗಣಿತದ ಮಾತಿನಲ್ಲಿ 'ಹರ' ಎಂದರೆ ಭಾಗಿಸುವ ಸಂಖ್ಯೆ, ಭಿನ್ನರಾಶಿಯ ಕೆಳಗೆ ಕೂರುವ ಛೇದ. ಮೇಲಿದ್ದದ್ದನ್ನು ಕೆಳಗೆ ಕೂರಿಸಿ ಸರಾಸರಿ ತೆಗೆಯುವುದರಿಂದ ಇದು ಹರಾತ್ಮಕ ಎಂದು ನಾನು ಮಕ್ಕಳಿಗೆ ನೆನಪಿಡಲು ಹೇಳಿಕೊಡುತ್ತಿದ್ದೆ. ಬಾಯಿಲೆಕ್ಕಕ್ಕೆ ಸೂತ್ರ ಬೇಕೆನ್ನುವವರಿಗೆ ಅದೂ ಉಂಟು. ಎರಡು ವೇಗಗಳನ್ನು ಗುಣಿಸಿ, ಇಮ್ಮಡಿ ಮಾಡಿ, ಅವುಗಳ ಮೊತ್ತದಿಂದ ಭಾಗಿಸಿ. 36 ಗುಣಿಸು 72 ಎಂದರೆ 2592, ಅದರ ಎರಡರಷ್ಟು 5184, ಭಾಗಿಸು 108, ಉತ್ತರ 48. ಈ ಸೂತ್ರದಲ್ಲಿ 72 ಕಿಲೋಮೀಟರ್ ದಾರಿಯ ಸುಳಿವೇ ಇಲ್ಲ, ಗಮನಿಸಿದಿರಾ? ಶಿವಮೊಗ್ಗದ ಬದಲು ಆನಂದಪುರದವರೆಗೆ ಮಾತ್ರ ಹೋಗಿ ಬಂದಿದ್ದರೂ ಸರಾಸರಿ 48ರಲ್ಲಿ ಬದಲಾವಣೆಯಿಲ್ಲ. ಹೋದ ದಾರಿಯೂ ಬಂದ ದಾರಿಯೂ ಒಂದೇ ಅಳತೆಯದಾದರೆ ಸಾಕು.

ಅಷ್ಟರಲ್ಲಿ ಚಾಲಕನಿಗೂ ಧೈರ್ಯ ಬಂದಿತ್ತು. "ಮೇಷ್ಟ್ರೇ, ಯಜಮಾನರಿಗೆ 54 ಸರಾಸರಿಯೇ ಬೇಕು ಅಂತಿದ್ರೆ ನಾನು ಬರ್ತಾ ಎಷ್ಟು ಸ್ಪೀಡಲ್ಲಿ ಬರಬೇಕಿತ್ತು?" ಎಂದು ಕೇಳಿದ.

ಇದನ್ನೂ ಗಡಿಯಾರ ಹಿಡಿದೇ ನೋಡಬೇಕು. 54ರ ಸರಾಸರಿಗೆ ಒಟ್ಟು ಎರಡು ಗಂಟೆ ನಲವತ್ತು ನಿಮಿಷದ ಅವಕಾಶ. ಹೋಗುವಾಗಲೇ ಎರಡು ಗಂಟೆ ಮುಗಿಯಿತು. ಉಳಿದದ್ದು ನಲವತ್ತು ನಿಮಿಷ. ಅಷ್ಟರಲ್ಲಿ 72 ಕಿಲೋಮೀಟರ್ ಬರಬೇಕಾದರೆ ವೇಗ ಗಂಟೆಗೆ 108. ಆ ರಸ್ತೆಯಲ್ಲಿ, ಆ ಹಳೆಯ ಪಿಕಪ್ಪಿನಲ್ಲಿ! ಚಾಲಕ ಯಜಮಾನರ ಮುಖ ನೋಡಿದ. ಅವರು ಬೇರೆ ಕಡೆ ನೋಡಿದರು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ಸರಾಸರಿ 72 ಬೇಕೆಂದರೆ? ಒಟ್ಟು 144 ಕಿಲೋಮೀಟರಿಗೆ ಎರಡೇ ಗಂಟೆ. ಆ ಎರಡು ಗಂಟೆ ಹೋಗುವಾಗಲೇ ಖರ್ಚಾಗಿದೆ. ಬರುವುದಕ್ಕೆ ಉಳಿದ ಹೊತ್ತು ಸೊನ್ನೆ. ಪಿಕಪ್ ಇರಲಿ, ವಿಮಾನ ತಂದರೂ ಆಗದು. ನಿಧಾನದ ವೇಗದ ಎರಡರಷ್ಟು ಎಂಬುದು ಹೋಗಿಬರುವ ಪ್ರಯಾಣದ ಸರಾಸರಿ ಎಂದೂ ಮುಟ್ಟಲಾಗದ ಗಡಿ. ಬರುವಾಗ ಎಷ್ಟೇ ಹುಚ್ಚೆದ್ದು ಓಡಿಸಿದರೂ ಆ ಗಡಿಯ ಹತ್ತಿರ ಹತ್ತಿರ ಹೋಗಬಹುದು, ಅಷ್ಟೇ.

ಈ ಕಡೆಯ ಪ್ರಶ್ನೆ ದೊಡ್ಡ ದೊಡ್ಡವರನ್ನೂ ಒಂದು ಕ್ಷಣ ತಬ್ಬಿಬ್ಬು ಮಾಡಿದೆ. ಮನಃಶಾಸ್ತ್ರಜ್ಞ ಮ್ಯಾಕ್ಸ್ ವರ್ಟ್‌ಹೈಮರ್ 1934ರಲ್ಲಿ ತಮ್ಮ ಸ್ನೇಹಿತ ಆಲ್ಬರ್ಟ್ ಐನ್‌ಸ್ಟೈನ್ ಅವರಿಗೆ ಬರೆದ ಪತ್ರದಲ್ಲಿ ಇಂಥದೇ ಒಗಟು ಕಳಿಸಿದ್ದರು. ಮನುಷ್ಯ ಸಮಸ್ಯೆಯ ಒಳರಚನೆಯನ್ನು ಹೇಗೆ ಕಾಣುತ್ತಾನೆ ಎಂಬುದೇ ವರ್ಟ್‌ಹೈಮರ್ ಅವರ ಅಧ್ಯಯನದ ವಿಷಯವಾಗಿತ್ತು. ಒಗಟು ಇಷ್ಟು. ಒಂದು ಲಟಾರಿ ಕಾರು ಒಂದು ಮೈಲಿ ಗುಡ್ಡ ಹತ್ತಿ ಆಚೆ ಒಂದು ಮೈಲಿ ಇಳಿಯಬೇಕು. ಹತ್ತುವಾಗ ಗಂಟೆಗೆ 15 ಮೈಲಿಗಿಂತ ಹೆಚ್ಚು ವೇಗ ಅದಕ್ಕೆ ಆಗದು. ಒಟ್ಟಾರೆ ಸರಾಸರಿ ಗಂಟೆಗೆ 30 ಮೈಲಿ ಬರಬೇಕಾದರೆ ಇಳಿಯುವಾಗ ಎಷ್ಟು ವೇಗ ಬೇಕು? ನಮ್ಮ ನಾಲಿಗೆ ತಟ್ಟನೆ 45 ಎನ್ನುತ್ತದೆ. 15 ಮತ್ತು 45 ಕೂಡಿಸಿ ಅರ್ಧ ಮಾಡಿದರೆ 30 ತಾನೇ! ಆದರೆ ಗಂಟೆಗೆ 30ರಂತೆ ಎರಡು ಮೈಲಿಗೆ ಸಿಗುವುದು ನಾಲ್ಕೇ ನಿಮಿಷ. 15ರಂತೆ ಒಂದು ಮೈಲಿ ಹತ್ತುವುದಕ್ಕೇ ಆ ನಾಲ್ಕು ನಿಮಿಷ ಮುಗಿದಿರುತ್ತದೆ. ಇಳಿಯಲು ಹೊತ್ತೇ ಇಲ್ಲ ಎಂಬುದು ಲೆಕ್ಕ ಹಾಕಿದ ಮೇಲೆಯೇ ತನ್ನ ಗಮನಕ್ಕೆ ಬಂತು ಎಂದು ಐನ್‌ಸ್ಟೈನ್ ಉತ್ತರ ಬರೆದರು. ಕಾಲದ ಕಲ್ಪನೆಯನ್ನೇ ಬದಲಾಯಿಸಿದ ಮನುಷ್ಯ ಅವರು. ಹಾಗಿರುವಾಗ ನಮ್ಮ ಯಜಮಾನರು 54 ಎಂದದ್ದರಲ್ಲಿ ನಾಚಿಕೆ ಪಡುವಂಥದು ಏನಿದೆ?

ಇನ್ನು ಇದೇ ತಪ್ಪು ಬೇರೆ ವೇಷದಲ್ಲಿ ಬರುವ ಒಂದು ಸಂದರ್ಭ ಹೇಳುತ್ತೇನೆ. ಹೊಳೆಯಲ್ಲಿ ಒಂದು ಯಂತ್ರದ ದೋಣಿ. ನಿಂತ ನೀರಿನಲ್ಲಿ ಅದು ಗಂಟೆಗೆ 12 ಕಿಲೋಮೀಟರ್ ಹೋಗುತ್ತದೆ. ಹೊಳೆಯ ಸೆಳೆತ ಗಂಟೆಗೆ 4. ದೋಣಿ 16 ಕಿಲೋಮೀಟರ್ ಹರಿವಿಗೆ ಎದುರಾಗಿ ಹೋಗಿ, ಹರಿವಿನ ಜೊತೆಗೆ ಹಿಂದೆ ಬರುತ್ತದೆ. ಹೋಗುವಾಗ ನೀರು 4 ಕಸಿದುಕೊಂಡಿತು, ಬರುವಾಗ 4 ಕೊಟ್ಟಿತು, ಲೆಕ್ಕ ಚುಕ್ತಾ ಆಯಿತು ಎಂದು ಯಾರಿಗಾದರೂ ಅನ್ನಿಸುತ್ತದೆ. ಚುಕ್ತಾ ಆಗಿದ್ದರೆ 32 ಕಿಲೋಮೀಟರಿಗೆ 12ರಂತೆ ಎರಡು ಗಂಟೆ ನಲವತ್ತು ನಿಮಿಷ ಸಾಕಿತ್ತು. ನಿಜವಾಗಿ ಆಗುವುದೇನು? ಎದುರು ಹೋಗುವಾಗ ವೇಗ 8, ಹಿಡಿಯುವ ಹೊತ್ತು ಎರಡು ಗಂಟೆ. ಬರುವಾಗ ವೇಗ 16, ಹಿಡಿಯುವ ಹೊತ್ತು ಒಂದು ಗಂಟೆ. ಒಟ್ಟು ಮೂರು ಗಂಟೆ. ಇಲ್ಲೂ ಅದೇ ಇಪ್ಪತ್ತು ನಿಮಿಷ ನಷ್ಟ! ಹೊಳೆ ಎರಡು ಗಂಟೆ ಕಾಲ ದೋಣಿಯನ್ನು ಹಿಂದಕ್ಕೆ ಜಗ್ಗಿತು, ಮುಂದಕ್ಕೆ ನೂಕಿದ್ದು ಒಂದೇ ಗಂಟೆ. ಕಸಿದಷ್ಟನ್ನು ಅದು ವೇಗದಲ್ಲಿ ತಿರುಗಿ ಕೊಟ್ಟಿತು, ಹೊತ್ತಿನಲ್ಲಿ ಕೊಡಲಿಲ್ಲ. ಎದುರುಗಾಳಿಗೆ ಹೋಗಿ ಹಿಂಗಾಳಿಯಲ್ಲಿ ಬರುವ ವಿಮಾನಕ್ಕೂ, ಸೈಕಲ್ಲಿಗೂ ಇದೇ ಹಣೆಬರಹ. ಗಾಳಿ ಹೋಗಿಬರುವ ಪ್ರಯಾಣಕ್ಕೆ ಒಟ್ಟಿನಲ್ಲಿ ನಷ್ಟವನ್ನೇ ತರುತ್ತದೆ.

ನಷ್ಟ ಎಷ್ಟು ಎಂಬುದು ಎರಡು ವೇಗಗಳ ಅಂತರದ ಮೇಲೆ ನಿಂತಿದೆ. ಪಿಕಪ್ ಹೋಗುವಾಗ 50, ಬರುವಾಗ 54 ಇದ್ದಿದ್ದರೆ ಸಾಧಾರಣ ಸರಾಸರಿ 52, ನಿಜವಾದದ್ದು 51.9. ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ, ಯಜಮಾನರು ನಮ್ಮ ಜಗಲಿ ಹತ್ತುತ್ತಲೂ ಇರಲಿಲ್ಲ. 36 ಮತ್ತು 72ಕ್ಕೆ ಎರಡು ಸರಾಸರಿಗಳ ಅಂತರ 6. ಮಳೆಗಾಲದಲ್ಲಿ ಹೋಗುವಾಗ 24ಕ್ಕೆ ಇಳಿದು, ಬರುವಾಗ 72 ಇದ್ದಿದ್ದರೆ ಸಾಧಾರಣ ಸರಾಸರಿ 48, ನಿಜವಾದದ್ದು 36. ಅಂತರ 12. ವೇಗಗಳು ಹತ್ತಿರ ಇದ್ದಾಗ ತಪ್ಪು ದಾರಿಯೂ ಸರಿ ಉತ್ತರದ ಹತ್ತಿರವೇ ತಂದು ಬಿಡುತ್ತದೆ. ಅದಕ್ಕೇ ಈ ತಪ್ಪು ಅಷ್ಟು ಕಾಲ ಬಾಳುತ್ತದೆ. ಎರಡೂ ವೇಗ ಒಂದೇ ಆದರೆ ಮಾತ್ರ ಎರಡು ಸರಾಸರಿಗಳೂ ಒಂದಾಗುತ್ತವೆ. ಉಳಿದಂತೆ ಹರಾತ್ಮಕ ಮಾಧ್ಯ ಯಾವಾಗಲೂ ಕೆಳಗೇ.

ಆದರೆ ಹರಾತ್ಮಕ ಮಾಧ್ಯವನ್ನೂ ಕಣ್ಣುಮುಚ್ಚಿ ಹಾಕುವಂತಿಲ್ಲ. ಅದಕ್ಕೊಂದು ಕರಾರು ಇದೆ, ದಾರಿಯ ತುಂಡುಗಳು ಸಮ ಇರಬೇಕು. ಒಟ್ಟು 144 ಕಿಲೋಮೀಟರಿನಲ್ಲಿ 36 ಕಿಲೋಮೀಟರ್ ಮಾತ್ರ 36ರಂತೆ, ಉಳಿದ 108 ಕಿಲೋಮೀಟರ್ 72ರಂತೆ ಓಡಿದರೆ ಹಿಡಿಯುವ ಹೊತ್ತು ಒಂದು ಗಂಟೆ ಮತ್ತು ಒಂದೂವರೆ ಗಂಟೆ. ಎರಡೂವರೆ ಗಂಟೆಗೆ 144 ಎಂದರೆ ಸರಾಸರಿ 57.6. ಇದು 54ಕ್ಕೂ ಹೊಂದದು, 48ಕ್ಕೂ ಹೊಂದದು. ಹಾಗೆಯೇ ಚಾಲಕ ಆಯನೂರಿನಲ್ಲಿ ನಿಜವಾಗಿಯೂ ಒಂದು ಗಂಟೆ ಕೂತು, ಆ ಹೊತ್ತನ್ನೂ ಲೆಕ್ಕಕ್ಕೆ ಹಿಡಿದರೆ ಒಟ್ಟು ನಾಲ್ಕು ಗಂಟೆ, ಸರಾಸರಿ 36. ನಿಂತ ಗಾಡಿ ಕಲ್ಲಿನ ನೋಟ್‌ಬುಕ್ಕಿನಲ್ಲಿ ಒಂದಕ್ಷರವನ್ನೂ ಬರೆಸುವುದಿಲ್ಲ. ಗಡಿಯಾರದ ನೋಟ್‌ಬುಕ್ಕಿನಲ್ಲಿ ಮಾತ್ರ 60 ಸೊನ್ನೆ ಬರೆಸುತ್ತದೆ. ಅನುಮಾನ ಬಂದಾಗಲೆಲ್ಲ ಸೂತ್ರ ಬಿಟ್ಟು ಮೂಲಕ್ಕೆ ಹೋಗಿ. ಒಟ್ಟು ದಾರಿ, ಭಾಗಿಸು ಒಟ್ಟು ಹೊತ್ತು. ಇದಕ್ಕೆ ಯಾವ ಕರಾರೂ ಇಲ್ಲ.

ಹರಾತ್ಮಕ ಮಾಧ್ಯಕ್ಕೆ ಇಂಗ್ಲಿಷಿನಲ್ಲಿ ಹಾರ್ಮೋನಿಕ್ ಮೀನ್ ಎಂದು ಹೆಸರು. ಸ್ವರಮೇಳಕ್ಕೆ ಸೇರಿದ ಮಾತು ಅದು. ಗಾಡಿಯ ಲೆಕ್ಕಕ್ಕೂ ಸಂಗೀತಕ್ಕೂ ಎಲ್ಲಿಯ ನಂಟು? ಈ ನಂಟು ಬಹಳ ಹಳೆಯದು. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿದ್ದ ಗ್ರೀಕ್ ಗಣಿತಜ್ಞ ಆರ್ಕೈಟಸ್ ಸಂಗೀತದ ಮೂರು ಮಾಧ್ಯಗಳನ್ನು ವಿವರಿಸುತ್ತ ಅವುಗಳಲ್ಲಿ ಒಂದಕ್ಕೆ ಈ ಹೆಸರನ್ನು ಹೇಳಿದ್ದಾನೆ. ಅವನು ಕಂಡದ್ದನ್ನು ನಮ್ಮ ಒಂದು ತಂತಿಯ ಮೇಲೆಯೇ ನೋಡಬಹುದು.

72 ಸೆಂಟಿಮೀಟರ್ ಉದ್ದದ ಒಂದು ತಂತಿ ಬಿಗಿದು ಮೀಟಿ. ಆ ನಾದವೇ ನಮ್ಮ ಷಡ್ಜ, ಸ. ಸರಿಯಾಗಿ ಮಧ್ಯಕ್ಕೆ ಒತ್ತಿ ಹಿಡಿದು 36 ಸೆಂಟಿಮೀಟರ್ ಮಾತ್ರ ಮಿಡಿಯುವಂತೆ ಮಾಡಿದರೆ ಮೇಲಿನ ಸ ಬರುತ್ತದೆ. ಅದೇ 36, ಅದೇ 72! ಇವೆರಡರ ಸಮಾಂತರ ಮಾಧ್ಯ 54 ಸೆಂಟಿಮೀಟರ್ ಉಳಿಯುವ ಹಾಗೆ ಒತ್ತಿ ಮೀಟಿದರೆ ಕೇಳುವುದು ಶುದ್ಧ ಮಧ್ಯಮ. ಹರಾತ್ಮಕ ಮಾಧ್ಯ 48ರಲ್ಲಿ ಒತ್ತಿದರೆ ಕೇಳುವುದು ಪಂಚಮ. ಯಜಮಾನರು ಹೇಳಿದ ಸರಾಸರಿ ಮ, ಚಾಲಕನ ಗಡಿಯಾರ ಹೇಳಿದ ಸರಾಸರಿ ಪ.

ಇದು ಬರೀ ಕಾಕತಾಳೀಯ ಅಲ್ಲ. ತಂತಿಯ ಉದ್ದ ಅರ್ಧವಾದರೆ ಅದು ಸೆಕೆಂಡಿಗೆ ಎರಡರಷ್ಟು ಸಲ ಕಂಪಿಸುತ್ತದೆ. ವೇಗ ಇಮ್ಮಡಿಯಾದರೆ ಹೊತ್ತು ಅರ್ಧವಾಗುವಂತೆಯೇ ಇದೂ. ಒಂದು ಹಿಗ್ಗಿದರೆ ಇನ್ನೊಂದು ಅದೇ ಪ್ರಮಾಣದಲ್ಲಿ ಕುಗ್ಗುವ ಜೋಡಿ. ಕೆಳಗಿನ ಸ ಸೆಕೆಂಡಿಗೆ 200 ಸಲ ಕಂಪಿಸಿದರೆ ಮೇಲಿನ ಸ 400 ಸಲ. ಪಂಚಮ ಸರಿಯಾಗಿ ಇವೆರಡರ ನಡುವೆ, 300. ಕಂಪನದ ಕಡೆಯಿಂದ ನೋಡಿದರೆ ಪ ಎಂಬುದು ಕೂಡಿಸಿ ಅರ್ಧ ಮಾಡಿದ ಸಾಧಾರಣ ಸರಾಸರಿ. ತಂತಿಯ ಉದ್ದದ ಕಡೆಯಿಂದ ನೋಡಿದರೆ ಅದೇ ಹರಾತ್ಮಕ ಮಾಧ್ಯ. ಸೆಕೆಂಡುಗಳಲ್ಲಿ 100 ಮತ್ತು 50ರ ನಡುವೆ ನೇರವಾಗಿ ಕೂತ 75, ವೇಗದ ಕಡೆಗೆ ತಿರುಗಿದಾಗ 48 ಆಗಿ ಕಂಡಿತಲ್ಲ, ಅದೇ ಸಂಗತಿ ಇಲ್ಲಿ ಕಿವಿಗೆ ಕೇಳಿಸುತ್ತದೆ.

ಅವತ್ತು ಸಂಜೆ ಇಷ್ಟೆಲ್ಲ ಮಾತಾಗಿ, ನಮ್ಮ ಮನೆಯಲ್ಲೇ ಚಾ ಕುಡಿದು ಇಬ್ಬರೂ ಎದ್ದರು. ಆಯನೂರಿನಲ್ಲಿ ಕುಡಿಯದ ಚಾ ಇಲ್ಲಿ ಆಯಿತು ಎಂದು ಚಾಲಕ ನಕ್ಕ.

ಹದಿನೈದು ದಿನ ಕಳೆದ ಮೇಲೆ ಎರಡನೆಯ ಲೋಡು ಹೋಗಿ ಬಂತು. ಈ ಸಲ ಡೀಸೆಲ್ಲಿನ ತಕರಾರು ಬರುತ್ತದೆ ಎಂದು ನಾನು ಕಾಯುತ್ತಿದ್ದೆ, ಏಕೆಂದರೆ ಅಲ್ಲೂ ಇದೇ ಹಳ್ಳ ಇದೆ. ಮೂಟೆ ತುಂಬಿದಾಗ ಆ ಗಾಡಿ ಲೀಟರಿಗೆ 10 ಕಿಲೋಮೀಟರ್ ಕೊಡುತ್ತದೆ, ಖಾಲಿ ಇದ್ದಾಗ 15. ಕೂಡಿಸಿ ಅರ್ಧ ಮಾಡಿದರೆ ಹನ್ನೆರಡೂವರೆ. ಆ ಲೆಕ್ಕದಲ್ಲಿ 144 ಕಿಲೋಮೀಟರಿಗೆ ಹನ್ನೊಂದೂವರೆ ಲೀಟರ್ ಸಾಕು. ಟ್ಯಾಂಕಿಗೆ ಹಾಕಬೇಕಾಗಿ ಬಂದದ್ದು 12. ಅರ್ಧ ಲೀಟರ್ ಯಾರು ಕುಡಿದರು?

ಯಜಮಾನರು ಜಗಲಿಗೆ ಬಂದರು. ಆದರೆ ಮುಖ ಗಂಟಿಕ್ಕಿರಲಿಲ್ಲ. ಕೈಯಲ್ಲಿ ಒಂದು ಚೀಟಿ ಇತ್ತು. "ಮೇಷ್ಟ್ರೇ, ಮೊದಲು ನಾನೂ ಹನ್ನೆರಡೂವರೆ ಅಂದುಕೊಂಡೆ. ಆಮೇಲೆ ನಿಮ್ಮ ಹಾಗೆ ತಲೆಕೆಳಗು ಮಾಡಿದೆ. ಲೀಟರಿಗೆ ಎಷ್ಟು ಕಿಲೋಮೀಟರ್ ಅಂತ ಬಿಟ್ಟು, ದಾರಿಗೆ ಎಷ್ಟು ಲೀಟರ್ ಅಂತ ಕೇಳಿದೆ. ಹೋಗೋದಕ್ಕೆ ಏಳು ಚಿಲ್ಲರೆ, ಬರೋದಕ್ಕೆ ಐದಕ್ಕೆ ಸ್ವಲ್ಪ ಕಮ್ಮಿ. ಒಟ್ಟು ಹನ್ನೆರಡು. ಹುಡುಗ ಸರಿಯಾಗೇ ಹಾಕಿಸಿದಾನೆ."

ಅವರ ಚೀಟಿಯಲ್ಲಿ 7.2 ಮತ್ತು 4.8 ಎಂದು ಎರಡು ಅಂಕಿ, ಕೆಳಗೊಂದು ಗೆರೆ, ಗೆರೆಯ ಕೆಳಗೆ 12. ಲೀಟರಿಗೆ ಸರಾಸರಿ 12 ಕಿಲೋಮೀಟರ್. 10 ಮತ್ತು 15ರ ಹರಾತ್ಮಕ ಮಾಧ್ಯ. ಯುರೋಪಿನ ಹಲವು ದೇಶಗಳಲ್ಲಿ ಗಾಡಿಯ ಮೈಲೇಜನ್ನು 100 ಕಿಲೋಮೀಟರಿಗೆ ಎಷ್ಟು ಲೀಟರ್ ಎಂದೇ ಹೇಳುವ ರೂಢಿ ಇದೆ. ಅಲ್ಲಿ ಹೋಗುವ ಲೆಕ್ಕ, ಬರುವ ಲೆಕ್ಕ ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ಉತ್ತರ ಸರಿಯಾಗಿಯೇ ಬರುತ್ತದೆ. ನಮ್ಮ ಯಜಮಾನರು ಅದನ್ನು ತಮ್ಮ ಜಗಲಿಯಲ್ಲೇ ಕಂಡುಕೊಂಡಿದ್ದರು.

ಚೀಟಿ ಮಡಿಸುತ್ತ ಅವರು ಅಂಗಳದಲ್ಲಿ ನಿಂತಿದ್ದ ಚಾಲಕನ ಕಡೆ ತಿರುಗಿ, "ಮುಂದಿನ ವಾರ ಮತ್ತೆ ಲೋಡು ಇದೆ. ಎಷ್ಟು ಹೊತ್ತಾಗ್ತದೆ ಮಾರಾಯ?" ಎಂದರು.

"ಮೂರು ಗಂಟೆ ಯಜಮಾನ್ರೇ," ಎಂದ ಅವನು. "ಚಾ ಬೇರೆ."